ದಿನ ಗೊತ್ತು, ಊರು ಗೊತ್ತಿಲ್ಲ

"ವಿಮಾನದ ಟಿಕೆಟ್ ಸೋವಿ ಸಿಕ್ತು ಅಂತ ನಾಗಪುರಕ್ಕೆ ಹೋಗೋರು ಯಾರಾದ್ರೂ ಇದಾರೇನೇ?"

ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಲು ಬಂದಿದ್ದ ಅಣ್ಣ, ಕಬ್ಬಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ಕೇಳಿದ ಮಾತಿದು. ಅತ್ತಿಗೆ ನಕ್ಕಳು. ಅಮ್ಮ ನನ್ನ ಮುಖ ನೋಡಿದಳು. ನಾನು ಉತ್ತರ ಹೇಳುವ ಮೊದಲೇ ಮಾತು ಬೇರೆ ಕಡೆ ಹೋಯಿತು. ಆದರೆ ವಾರವಿಡೀ ಆ ಪ್ರಶ್ನೆ ಕಿವಿಯಲ್ಲೇ ಇದೆ. ಅದಕ್ಕೆ ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಈ ಸಲ ಜನವರಿ 24 ನಾಲ್ಕನೇ ಶನಿವಾರ, 25 ಭಾನುವಾರ, 26 ಗಣರಾಜ್ಯೋತ್ಸವ. ಹಿಂದೆ ಮುಂದೆ ಒಂದು ದಿನವೂ ಕೇಳುವ ಹಾಗಿಲ್ಲ, ಶಾಖೆಯಲ್ಲಿ ಜನವೇ ಇಲ್ಲ. ಯಜಮಾನರ ಕಾರ್ಖಾನೆಯ ಪಾಳಿಯೂ ಮಂಗಳವಾರ ಬೆಳಿಗ್ಗೆಯಿಂದಲೇ. ದಿನಗಳನ್ನು ಒಂದಿಂಚೂ ಅಲುಗಾಡಿಸಲಾಗದು. ಹಾಗಿದ್ದ ಮೇಲೆ ಅಲುಗಾಡಿಸಬಹುದಾದದ್ದು ಊರು ಮಾತ್ರ.

ಅಣ್ಣನ ಲೆಕ್ಕ ಇದಕ್ಕೆ ಉಲ್ಟಾ. ಅವನಿಗೆ ರಜೆ ಎಂದರೆ ಗೋವಾ. ಮೊದಲು ಊರು, ಆಮೇಲೆ ದರ, ದರ ಎಷ್ಟಾದರೂ ಸರಿ. ಕೈಬಿಚ್ಚಿ ಖರ್ಚು ಮಾಡುವ ಮನುಷ್ಯ, ನಮಗೂ ಎಷ್ಟೋ ಸಲ ಟಿಕೆಟ್ ಮಾಡಿಸಿಕೊಟ್ಟಿದ್ದಾನೆ. ಆದರೆ ಹೋಗಿಬಂದ ಊರಿನ ಹೆಸರು ಹೇಳಿದಾಗ ಕೇಳಿದವರ ಕಣ್ಣು ಅರಳಬೇಕು ಎಂಬ ಆಸೆ ಅವನಲ್ಲಿ ಚಿಕ್ಕಂದಿನಿಂದಲೂ ಇದೆ. ನಾಗಪುರ ಎಂದರೆ ಯಾರ ಕಣ್ಣೂ ಅರಳುವುದಿಲ್ಲ, ನಿಜ.

ನಾನು ಹುಡುಕಿದ್ದು ಗೂಗಲ್ ಫ್ಲೈಟ್ಸ್‌ನ Explore ಪುಟದಲ್ಲಿ. ಹೊರಡುವ ಊರು ಬೆಂಗಳೂರು, ದಿನಾಂಕ 24 ಮತ್ತು 26, ಹೋಗುವ ಊರಿನ ಜಾಗ ಖಾಲಿ. ಭಾರತದ ನಕ್ಷೆ ತೆರೆದುಕೊಂಡು ಒಂದೊಂದು ಊರಿನ ಮೇಲೂ ಹೋಗಿಬರುವ ದರ ಕಾಣಿಸುತ್ತದೆ. ಸ್ಕೈಸ್ಕ್ಯಾನರ್‌ನಲ್ಲಾದರೆ ಊರಿನ ಜಾಗದಲ್ಲಿ Everywhere ಎಂದು ಆರಿಸಬೇಕು, ಅಲ್ಲಿ ನಕ್ಷೆಯ ಬದಲು ದರದ ಏರಿಕೆಯಲ್ಲಿ ಪಟ್ಟಿ ಬರುತ್ತದೆ. ನನಗೆ ನಕ್ಷೆಯೇ ಇಷ್ಟ. ಆದರೆ ದೂರದಿಂದ ನೋಡಿದರೆ ಅದು ಹೆಸರಾಂತ ಊರುಗಳನ್ನಷ್ಟೇ ತೋರಿಸುತ್ತದೆ. ಹಿಗ್ಗಿಸುತ್ತಾ ಹೋದ ಹಾಗೆ ಸಣ್ಣ ಊರುಗಳು ಒಂದೊಂದಾಗಿ ಮೇಲೆ ಬರುತ್ತವೆ. ನಾಗಪುರ ನನಗೆ ಸಿಕ್ಕಿದ್ದು ಹಾಗೆ ಹಿಗ್ಗಿಸಿದ ಮೇಲೆಯೇ.

ದರ ನೋಡುವ ಮೊದಲು ಎರಡು ಸಂಗತಿ ಸರಿಮಾಡಿಕೊಳ್ಳಬೇಕು. ಒಂದು, ನೇರ ವಿಮಾನ ಮಾತ್ರ ಎಂಬ ಆಯ್ಕೆ. ಇದನ್ನು ಒತ್ತದಿದ್ದರೆ ಮುಂಬೈಯಲ್ಲೋ ಹೈದರಾಬಾದಿನಲ್ಲೋ ನಾಲ್ಕೈದು ಗಂಟೆ ಕೂರಿಸುವ ವಿಮಾನಗಳ ದರವೂ ನಕ್ಷೆಯ ಮೇಲೆ ಬಂದು ಕೂರುತ್ತದೆ. ಮೂರು ದಿನದ ರಜೆಯಲ್ಲಿ ಅರ್ಧ ದಿನ ಅಲ್ಲೇ ಹೋಗುತ್ತದೆ. ಇನ್ನೊಂದು, ಎಷ್ಟು ಜನ ಎಂಬುದು. ಒಬ್ಬರಿಗೆ ಹುಡುಕಿ ಮೂರರಿಂದ ಗುಣಿಸಿದರೆ ಲೆಕ್ಕ ತಪ್ಪಬಹುದು. ಒಂದೇ ವಿಮಾನದ ಸೀಟುಗಳನ್ನು ಕಂಪನಿಗಳು ಬೇರೆ ಬೇರೆ ದರದ ಕಟ್ಟುಗಳಾಗಿ ಮಾರುತ್ತವೆ. ಅತಿ ಕಡಿಮೆ ದರದ ಕಟ್ಟಿನಲ್ಲಿ ಎರಡೇ ಸೀಟು ಉಳಿದಿದ್ದು ನಾವು ಮೂರು ಜನ ಕೇಳಿದರೆ, ಸಾಮಾನ್ಯವಾಗಿ ಮೂವರಿಗೂ ಮೇಲಿನ ಕಟ್ಟಿನ ದರವೇ ಬೀಳುತ್ತದೆ. ಹಾಗಾಗಿ ನಾವಿಬ್ಬರು ಮತ್ತು ಅಮ್ಮ ಎಂದು ಮೊದಲೇ ಮೂರು ಎಂದು ತುಂಬಿ ಹುಡುಕಿದೆ.

ಬಂದ ದರಗಳು ತಲೆಗೆ ಹೀಗಿದ್ದವು. ಚೆನ್ನೈ 5,900, ಹೈದರಾಬಾದ್ 6,400, ಭುವನೇಶ್ವರ 8,300, ನಾಗಪುರ 8,700, ಕೊಚ್ಚಿ 10,200, ಗೋವಾ 13,800.

ಪಟ್ಟಿಯ ಮೊದಲಲ್ಲಿರುವ ಊರನ್ನೇ ಆರಿಸಿಕೊಂಡರೆ ಮೋಸ ಹೋದ ಹಾಗೆ. ಚೆನ್ನೈ, ಹೈದರಾಬಾದ್ ಸೋವಿ ಏಕೆಂದರೆ ಅವು ಹತ್ತಿರ. ಚೆನ್ನೈಗೆ ಆರು ಗಂಟೆಯೊಳಗೆ ರೈಲಿದೆ, ಹೈದರಾಬಾದಿಗೆ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯಬಹುದು. ಅಲ್ಲಿಗೆ 5,900 ರೂಪಾಯಿ ಸೋವಿಯೇ ಅಲ್ಲ. ದರ ಎಷ್ಟು ಎನ್ನುವುದಕ್ಕಿಂತ ಆ ದಾರಿಯಲ್ಲಿ ಮಾಮೂಲಿ ದರಕ್ಕೆ ಹೋಲಿಸಿದರೆ ಎಷ್ಟು ಎಂದು ಕೇಳಬೇಕು. ಇದನ್ನು ತಿಳಿಯಲು ಊರಿನ ಮೇಲೆ ಒತ್ತಿ ಆ ದಾರಿಯ ಸ್ವಂತ ಪುಟಕ್ಕೆ ಹೋಗಬೇಕು. ಎಷ್ಟೋ ದಾರಿಗಳಿಗೆ ಅಲ್ಲಿ ಈಗಿನ ದರ ಕಡಿಮೆಯೋ, ಮಾಮೂಲಿಯೋ, ಹೆಚ್ಚೋ ಎಂದು ಒಂದು ಅಡ್ಡಪಟ್ಟಿಯ ಮೇಲೆ ತೋರಿಸಿರುತ್ತದೆ. ಗೋವಾ, ಕೊಚ್ಚಿ ಎರಡೂ ಹೆಚ್ಚು ಎಂಬ ಕಡೆ ಇದ್ದವು. ನಾಗಪುರ ಮಾಮೂಲಿ. ಇಡೀ ಬೆಂಗಳೂರು ಹೊರಟು ನಿಂತಿರುವ ವಾರಾಂತ್ಯದಲ್ಲಿ ಮಾಮೂಲಿ ದರ ಸಿಕ್ಕರೆ ಅದೇ ಸೋವಿ.

ಭುವನೇಶ್ವರ ನನ್ನ ಮನಸ್ಸಿನಲ್ಲಿ ಮೊದಲಿತ್ತು, ಪುರಿ, ಕೋನಾರ್ಕ ಅಮ್ಮನಿಗೂ ಇಷ್ಟ. ಒತ್ತಿದರೆ 8,300 ಇದ್ದದ್ದು ಕಣ್ಣೆದುರೇ 11,900 ಆಯಿತು. ಇದರಲ್ಲಿ ಯಾರ ಕೈಚಳಕವೂ ಇಲ್ಲ. ಅಷ್ಟೊಂದು ಊರುಗಳ ದರವನ್ನು ಆ ಕ್ಷಣದಲ್ಲೇ ಎಲ್ಲ ಕಂಪನಿಗಳಿಂದ ಕೇಳಿ ತರುವುದು ಕಷ್ಟ, ಹಾಗಾಗಿ ಸ್ವಲ್ಪ ಹೊತ್ತಿನ ಹಿಂದೆ ಕಂಡ ದರವನ್ನೇ ನಕ್ಷೆ ತೋರಿಸುತ್ತದೆ. ಒತ್ತಿದಾಗ ಮಾತ್ರ ಹೊಸದಾಗಿ ಕೇಳುತ್ತದೆ. ನಕ್ಷೆಯ ಮೇಲಿನ ಅಂಕಿಯನ್ನು ನಂಬಿ ಮನೆಯವರಿಗೆಲ್ಲ ಊರಿನ ಹೆಸರು ಹೇಳಿಬಿಡಬಾರದು.

ಇಷ್ಟರ ಮೇಲೆ ನಾನು ಹೆಚ್ಚು ಹೊತ್ತು ಕೂತದ್ದು ಗಂಟೆಗಳ ಲೆಕ್ಕಕ್ಕೆ. ಈ ಹುಡುಕಾಟಕ್ಕೆ ಗೊತ್ತಿರುವುದು ದಿನಾಂಕ ಮಾತ್ರ. 24ಕ್ಕೆ ಹೋಗಿ 26ಕ್ಕೆ ಬಂದರೆ ಅದರ ಪ್ರಕಾರ ಮೂರು ದಿನ. ನಾಗಪುರದ 8,700ರ ಟಿಕೆಟ್ ಬಿಚ್ಚಿ ನೋಡಿದರೆ ಶನಿವಾರ ಮಧ್ಯಾಹ್ನ 2.10ಕ್ಕೆ ಇಳಿಯುವುದು, ಸೋಮವಾರ ಬೆಳಿಗ್ಗೆ 6.50ಕ್ಕೆ ಹೊರಡುವುದು. ಕೈಗೆ ಸಿಗುವುದು ಭಾನುವಾರ ಒಂದು, ಶನಿವಾರದ ಸಂಜೆ ಒಂದು. ದಾರಿಯ ಪುಟದಲ್ಲಿ ವೇಳೆಯ ಆಯ್ಕೆ ಇದೆ. ಹೋಗುವುದು ಬೆಳಿಗ್ಗೆ 8ರ ಒಳಗೆ, ಬರುವುದು ಸಂಜೆ 4ರ ಮೇಲೆ ಎಂದು ಹಾಕಿದೆ. ದರ 10,300 ಆಯಿತು. ಶನಿವಾರ 8.30ಕ್ಕೇ ಅಲ್ಲಿರುತ್ತೇವೆ, ಸೋಮವಾರ ಸಂಜೆ 6.40ರವರೆಗೂ ಇರುತ್ತೇವೆ. ತಲೆಗೆ 1,600 ಹೆಚ್ಚು ಕೊಟ್ಟದ್ದಕ್ಕೆ ಹದಿನೇಳೂವರೆ ಗಂಟೆ ಸಿಕ್ಕಿತು, ಅದರಲ್ಲಿ ಬಹುಪಾಲು ಹಗಲು. ಹೋಟೆಲಿನ ಬಾಡಿಗೆ ಎರಡಕ್ಕೂ ಅದೇ ಎರಡು ರಾತ್ರಿ. ದೇವನಹಳ್ಳಿ ತಲುಪಲು ನಸುಕಿನ ಮೂರೂವರೆಗೆ ಮನೆ ಬಿಡಬೇಕು, ಅಮ್ಮನಿಗೆ ಅದೊಂದು ತ್ರಾಸ. ಕೇಳಿದೆ. "ನಾಲ್ಕಕ್ಕೆ ಏಳೋಳು ಮೂರಕ್ಕೆ ಏಳ್ತೀನಿ, ಬಿಡು" ಎಂದಳು.

ಇಳಿದ ಮೇಲಿನ ಖರ್ಚನ್ನೂ ನಕ್ಷೆ ಹೇಳುವುದಿಲ್ಲ. ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ಸೋವಿ ಎಂದು ಉತ್ತರದ ಮೋಪಾದಲ್ಲಿ ಇಳಿದು ದಕ್ಷಿಣದ ಪಾಲೋಲೆಮ್‌ನಲ್ಲಿ ಕೋಣೆ ಮಾಡಿದವರು ಇಡೀ ಗೋವಾ ದಾಟಬೇಕು. ನಾಗಪುರದ ನಿಲ್ದಾಣ ಊರೊಳಗೇ ಇದೆ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯಿತು: ಯಾಕೆ ಸೋವಿ? ಕೆಲವು ಊರು ಕಾಲ ಸರಿಯಿಲ್ಲದ್ದಕ್ಕೆ ಸೋವಿಯಾಗುತ್ತವೆ. ಮಳೆಗಾಲದಲ್ಲಿ ಕಡಲತೀರಗಳ ದರ ಇಳಿಯುವುದು ಹಾಗೆ. ಜನವರಿಯ ನಾಗಪುರಕ್ಕೆ ಆ ದೋಷ ಇಲ್ಲ, ಅಲ್ಲಿ ಸುಡುವುದು ಏಪ್ರಿಲ್-ಮೇನಲ್ಲಿ. ಇದು ಸೋವಿಯಾಗಿರುವುದು ರಜೆಗೆಂದು ಯಾರೂ ಆ ಕಡೆ ಹೋಗದೆ ಇರುವುದಕ್ಕೆ ಎಂದು ನನ್ನ ತಿಳಿವಳಿಕೆ. ಜನ ಸಮುದ್ರಕ್ಕೆ, ಬೆಟ್ಟಕ್ಕೆ ಹೋಗುತ್ತಾರೆ, ಕಚೇರಿ ಕೆಲಸಕ್ಕೆ ಓಡಾಡುವವರು ರಜೆಯಲ್ಲಿ ಮನೆಯಲ್ಲಿರುತ್ತಾರೆ. ಅಂದರೆ ಅಣ್ಣನ ಪ್ರಶ್ನೆಯೇ ಅದರ ಉತ್ತರ. ನಾಗಪುರಕ್ಕೆ ಹೋಗೋರು ಯಾರಾದ್ರೂ ಇದಾರೇನೇ? ಇಲ್ಲ. ಅದಕ್ಕೇ ನಮಗೆ ಸಿಕ್ಕಿದ್ದು.

ಹಾಗೆಂದು ನೆಲದ ಮೇಲೂ ಎಲ್ಲ ಖಾಲಿ ಇರುತ್ತದೆ ಎಂದಲ್ಲ. ಯಜಮಾನರಿಗೆ ನಾಗಪುರದ ಕಡೆಯ ತಡೋಬಾ ಕಾಡಿನ ಹುಲಿ ನೋಡುವ ಆಸೆ ಹುಟ್ಟಿತು. ಆ ಮೂರು ದಿನದ ಸಫಾರಿ ಟಿಕೆಟ್ ಆಗಲೇ ಮುಗಿದಿತ್ತು. ಕಾಡಿಗೆ ಕಾರಿನಲ್ಲಿ ಬರುವವರು ಸುತ್ತಲ ಊರುಗಳಿಂದ ಎಷ್ಟೋ ಇದ್ದಾರೆ, ವಿಮಾನದ ದರಕ್ಕೆ ಅದು ಹೇಗೆ ಗೊತ್ತಾಗಬೇಕು? ಟಿಕೆಟ್ ಮಾಡುವ ಮೊದಲೇ ಇದನ್ನು ನೋಡಿಕೊಂಡೆವು. ಹುಲಿ ಇಲ್ಲದೆಯೂ ಆ ಊರಿಗೆ ಹೋಗಬೇಕೆನಿಸುತ್ತದೆಯೇ ಎಂದು ಮೂವರೂ ಕೂತು ಮಾತಾಡಿದೆವು. "ಅಲ್ಲಿ ಏನಿದೆ?" ಎಂದಳು ಅಮ್ಮ. 75 ಕಿಲೋಮೀಟರ್ ದೂರದಲ್ಲಿ ಸೇವಾಗ್ರಾಮ ಇದೆ, ಗಾಂಧೀಜಿ 1936ರಿಂದ ಇದ್ದ ಕುಟೀರ ಇದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾರ್ಧಾ ಅಂತ ನಮ್ಮಪ್ಪ ಹೇಳೋರು, ಅದೇನಾ?" ಎಂದಳು. ಅದರ ಪಕ್ಕದಲ್ಲೇ ಎಂದೆ. ತಾತ ಚರಕ ನೂಲುತ್ತಿದ್ದವರು. ಅಲ್ಲಿಗೆ ಹೋಗುವುದು ಅವರಿಂದ ಆಗಲಿಲ್ಲ.

ಅವರ ಕಾಲದಲ್ಲಿ ಊರು ಮೊದಲೇ ಗೊತ್ತಿರುತ್ತಿತ್ತು. ಧರ್ಮಸ್ಥಳ, ತಿರುಪತಿ, ಇಲ್ಲವೇ ನೆಂಟರ ಮನೆ. ಗೊತ್ತಿರದೆ ಇದ್ದದ್ದು ದಿನ. ರಾಗಿ ಕೊಯ್ದು, ಮಾರಿ, ಸಾಲ ತೀರಿಸಿ, ಉಳಿದರೆ ಹೊರಡುವುದು. ಉಳಿಯದ ವರ್ಷ ಊರು ಅಲ್ಲೇ ಕಾಯುತ್ತಿತ್ತು. ನನಗೆ ವರ್ಷದ ಮೊದಲ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಗಳು ಕೆಂಪಾಗಿ ಅಚ್ಚಾಗಿ ಬರುತ್ತವೆ. ಆ ಕೆಂಪು ದಿನಗಳು ಇಡೀ ಊರಿಗೆ ಒಂದೇ, ಅದಕ್ಕೇ ಅವು ದುಬಾರಿ. ರಜೆಯ ದಿನವನ್ನು ತಾವೇ ಆರಿಸಿಕೊಳ್ಳಬಲ್ಲವರು ಮಂಗಳವಾರ ಹೋಗಿ ಗುರುವಾರ ಬರುತ್ತಾರೆ, ಬೇಕಾದ ಊರಿಗೇ ಹೋಗುತ್ತಾರೆ. ಅಣ್ಣನಿಗೆ ಸ್ವಂತ ವ್ಯಾಪಾರ, ಅಂಗಡಿ ಬಾಗಿಲು ಅವನ ಕೈಯಲ್ಲಿದೆ. ಮನಸ್ಸು ಮಾಡಿದರೆ ಅವನು ಅದೇ ಗೋವಾಕ್ಕೆ ವಾರದ ನಡುವೆ ಇದಕ್ಕಿಂತ ಕಡಿಮೆಗೆ ಹೋಗಬಹುದು. ನನ್ನ ದಿನಗಳು ನನ್ನ ಕೈಯಲ್ಲಿಲ್ಲ. ನನಗಿರುವ ಆಯ್ಕೆ ಹೋಗುವ ಊರಿನ ಆ ಖಾಲಿ ಜಾಗದಲ್ಲಿದೆ, ಅದನ್ನು ನಾನು ಸಂತೋಷದಿಂದ ಬಳಸುತ್ತೇನೆ. ಅದನ್ನು ಜಿಪುಣತನ ಎಂದರೆ ನನಗೆ ನೋವಾಗುತ್ತದೆ.

ಟಿಕೆಟ್ ಆಯಿತು, ಮೂವರಿಗೆ 30,900. ಇದೇ ದಿನಗಳಿಗೆ ಗೋವಾ 41,400 ಆಗುತ್ತಿತ್ತು, ಅದೂ ವೇಳೆ ನೋಡದೆ. ಕೊನೆಯಲ್ಲಿ ಹಣ ಕಟ್ಟಿದ್ದು ವಿಮಾನ ಕಂಪನಿಯ ಪುಟದಲ್ಲೇ. ಬದಲಾವಣೆ, ರದ್ದು ಏನೇ ಬಂದರೂ ನಡುವೆ ಇನ್ನೊಬ್ಬರು ಇರಬಾರದು. ಚೀಲದ ತೂಕವನ್ನೂ ಅಲ್ಲೇ ಓದಿಕೊಂಡೆ, ಏಕೆಂದರೆ ಈಗ ಕೆಲವು ಕಡಿಮೆ ದರಗಳಲ್ಲಿ ಚೆಕ್-ಇನ್ ಚೀಲ ಸೇರಿರುವುದಿಲ್ಲ.

ಶನಿವಾರ ರಾಮನ ಗುಡಿ ಇರುವ ರಾಮಟೇಕ್ ಬೆಟ್ಟ. ಭಾನುವಾರ ರೈಲಿನಲ್ಲಿ ಸೇವಾಗ್ರಾಮ, ಆ ಹೆಸರಿನ ನಿಲ್ದಾಣವೇ ಇದೆ, ಅಲ್ಲಿಂದ ಪವನಾರ್‌ನ ವಿನೋಬಾ ಆಶ್ರಮವೂ ಹತ್ತಿರ. ಸೋಮವಾರ ಗಣರಾಜ್ಯೋತ್ಸವದ ಬೆಳಿಗ್ಗೆ ದೀಕ್ಷಾಭೂಮಿ. ಸಂವಿಧಾನ ಬರೆದ ಅಂಬೇಡ್ಕರ್ 1956ರಲ್ಲಿ ಬೌದ್ಧ ದೀಕ್ಷೆ ಪಡೆದ ಜಾಗಕ್ಕೆ ಅದೇ ಸಂವಿಧಾನ ಜಾರಿಯಾದ ದಿನ ಹೋಗುವುದು ನಾನು ಹುಡುಕಿ ಇಟ್ಟುಕೊಂಡದ್ದಲ್ಲ, ದಿನಾಂಕ ಮತ್ತು ದರ ಸೇರಿ ಕೊಟ್ಟದ್ದು. ಅದು ಊರೊಳಗೇ ಇರುವುದರಿಂದ ಮಧ್ಯಾಹ್ನದವರೆಗೂ ಅಮ್ಮ ಆತುರವಿಲ್ಲದೆ ಕೂರಬಹುದು, ನಾಲ್ಕೂವರೆಗೆ ನಿಲ್ದಾಣಕ್ಕೆ ಹೊರಟರೆ ಸಾಕು.