ವಾಟರ್ ಬಾತ್‌ನ ತಣ್ಣನೆಯ ಮೂಲೆ

ನಮ್ಮ ಪದವಿ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯದಲ್ಲಿ ಕುಡಿಯುವ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಎಷ್ಟಿರಬಹುದೆಂದು ಅಂದಾಜಿಸುವ ಎಂಪಿಎನ್ ವಿಧಾನದ ಪ್ರಾಯೋಗಿಕ ಪರೀಕ್ಷೆ ನಡೆದಿತ್ತು. ಬ್ಯಾಕ್ಟೀರಿಯಾ ಬೆಳೆಸುವ ದ್ರವವಾದ ಇಸಿ ಬ್ರಾತ್ ತುಂಬಿದ ಕೊಳವೆಗಳನ್ನು ಹಿಂದಿನ ದಿನವೇ 44.5 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ರ್‍ಯಾಕುಗಳನ್ನು ಹೊರತೆಗೆದಾಗ ಒಬ್ಬ ವಿದ್ಯಾರ್ಥಿನಿಯ ನೆಗೆಟಿವ್ ಕಂಟ್ರೋಲ್ ಕೊಳವೆಯಲ್ಲಿ, ಅನಿಲ ಹಿಡಿಯಲು ತಲೆಕೆಳಗಾಗಿಟ್ಟ ಪುಟ್ಟ ಡರ್ಹ್ಯಾಮ್ ಟ್ಯೂಬಿನೊಳಗೆ, ಅನಿಲದ ಗುಳ್ಳೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರಲ್ಲಿ ಹಾಕಿದ್ದದ್ದು ಎಂಟೆರೋಬ್ಯಾಕ್ಟರ್ ಏರೋಜೀನಸ್ ಎಂಬ ಬ್ಯಾಕ್ಟೀರಿಯಾ. ಆ ತಾಪದಲ್ಲಿ ಅದು ಅನಿಲ ಕೊಡಬಾರದು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಪಿಪೆಟ್ ಬದಲಾಯಿಸದೆ ಇ. ಕೊಲೈ ಇಲ್ಲಿಗೂ ಬಿಟ್ಟಿದ್ದೀಯಮ್ಮ" ಎಂದರು. "ಇಲ್ಲ ಸರ್, ಪ್ರತಿಯೊಂದಕ್ಕೂ ಬೇರೆ ಪಿಪೆಟ್ ತೆಗೆದುಕೊಂಡಿದ್ದೆ" ಎಂದು ಅವಳು ಹೇಳುತ್ತಲೇ ಇದ್ದಳು. ಅಂಕಪಟ್ಟಿಯ ಮೇಲೆ ಪೆನ್ನು ಬಂದು ನಿಂತಿತ್ತು. ಅವಳ ಪಕ್ಕದವರ ರ್‍ಯಾಕಿನಲ್ಲಿಯೂ ಅದೇ ಬಗೆಯ ಗುಳ್ಳೆ ಇರುವುದನ್ನು ತೋರಿಸಿ, ಎರಡೂ ರ್‍ಯಾಕುಗಳು ಬಾತ್‌ನ ಮುಂಭಾಗದಲ್ಲಿ ಬಲಗಡೆಗೆ ಇದ್ದವೆಂದು ನಾನು ಹೇಳಿದ ಮೇಲೆ ಅಂಕವನ್ನು ತಡೆಹಿಡಿಯಲು ಅವರು ಒಪ್ಪಿದರು.

ಈ ಪರೀಕ್ಷೆಗೆ ತಾಪದ ಮಿತಿ 44.5 ಡಿಗ್ರಿಯ ಆಚೀಚೆ ಕೇವಲ 0.2 ಡಿಗ್ರಿ. ತಾಪ ಇದಕ್ಕಿಂತ ಹೆಚ್ಚಾದರೆ ಮಲಮೂಲದ ಇ. ಕೊಲೈ ಅನಿಲ ಕೊಡುವುದು ಕುಂದುತ್ತದೆ. ಕಡಿಮೆಯಾದರೆ ಮಲಮೂಲದ್ದಲ್ಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳೂ ಬೆಳೆದು ಒಳ್ಳೆಯ ನೀರನ್ನು ಕೆಟ್ಟದ್ದೆಂದು ತೋರಿಸುತ್ತವೆ. ಆದ್ದರಿಂದಲೇ ಗಾಳಿಯ ಇನ್‌ಕ್ಯುಬೇಟರನ್ನು ಬಿಟ್ಟು ನೀರಿನ ಬಾತ್ ಬಳಸುತ್ತೇವೆ. ಆದರೆ ನಮ್ಮ ಬಾತ್‌ನಲ್ಲಿ ನೀರನ್ನು ಕಲಕುವ ಪಂಪು ಇಲ್ಲ. ಹೀಟರ್ ತಳದಲ್ಲಿದೆ, ಅದರ ಮೇಲೆ ತೂತುಗಳಿರುವ ತಟ್ಟೆ, ತಟ್ಟೆಯ ಮೇಲೆ ರ್‍ಯಾಕುಗಳು. ಬಿಸಿನೀರು ತಾನಾಗಿಯೇ ಮೇಲೇರಿ ಸುತ್ತಾಡಬೇಕು. ವಾರ್ಷಿಕ ನಿರ್ವಹಣೆಗೆ ಬರುವ ಎಂಜಿನಿಯರ್ ಖಾಲಿ ಬಾತ್‌ನ ನಟ್ಟನಡುವೆ ಒಂದೇ ಪ್ರೋಬನ್ನು ಇಳಿಬಿಟ್ಟು, ಅಂಕಿಯನ್ನು ಬರೆದುಕೊಂಡು, ಸರಿಯಾಗಿದೆ ಎಂಬ ಚೀಟಿ ಅಂಟಿಸಿ ಹೋಗುತ್ತಾರೆ. ಆ ಚೀಟಿ ನಡುವಿನ ಒಂದು ಬಿಂದುವಿನ ಬಗ್ಗೆ ಮಾತ್ರ ನಿಜ. ಮೂಲೆಯಲ್ಲಿ ಕೊಳವೆ ಇಟ್ಟವರಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಭೌತಶಾಸ್ತ್ರ ವಿಭಾಗದಿಂದ ಡೇಟಾ ಲಾಗರನ್ನೂ, ತಾಪಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಆರು ಪಿಟಿ-100 ಪ್ರೋಬುಗಳನ್ನೂ ತಂದೆವು. ಒಂದು ನಡುವೆ, ನಾಲ್ಕು ಮೂಲೆಗಳಲ್ಲಿ, ಆರನೆಯದು ನಡುವಿನ ರ್‍ಯಾಕಿನಲ್ಲಿ ನೀರು ತುಂಬಿದ ಒಂದು ಕೊಳವೆಯೊಳಗೆ. ಪ್ರೋಬಿನ ತುದಿ ತಳಕ್ಕಾಗಲಿ ಗೋಡೆಗಾಗಲಿ ತಾಗದೆ ಬ್ರಾತ್ ನಿಲ್ಲುವ ಎತ್ತರದಲ್ಲಿಯೇ ಇರಬೇಕು, ಮತ್ತು ಪರೀಕ್ಷೆಯ ದಿನ ಇದ್ದಷ್ಟೇ ರ್‍ಯಾಕುಗಳು ಒಳಗಿರಬೇಕು. ಖಾಲಿ ಬಾತ್‌ನಲ್ಲಿ ನೀರು ಸರಾಗವಾಗಿ ಸುತ್ತುವುದರಿಂದ ದೋಷ ಅಡಗಿಬಿಡುತ್ತದೆ. ಮೊದಲ ದಿನದ ಸರಾಸರಿಗಳು ಹೀಗಿದ್ದವು: ನಡುವೆ 44.6, ಹಿಂಭಾಗದ ಎಡ ಮೂಲೆಯಲ್ಲಿ 44.6, ಹಿಂಭಾಗದ ಬಲ ಮೂಲೆಯಲ್ಲಿ 44.5, ಮುಂಭಾಗದ ಎಡ ಮೂಲೆಯಲ್ಲಿ 43.9, ಮುಂಭಾಗದ ಬಲ ಮೂಲೆಯಲ್ಲಿ 44.1. ಎಲ್ಲಕ್ಕಿಂತ ತಣ್ಣಗಿರುವುದು ಎಡ ಮೂಲೆ ಎಂದಾಯಿತು. ಗುಳ್ಳೆ ಬಂದದ್ದು ಬಲ ಮೂಲೆಯಲ್ಲಿ. ವಿಭಾಗದಲ್ಲಿ ಕೆಲವರು ಇದನ್ನೇ ಹಿಡಿದು, ಹಾಗಾದರೆ ಪಿಪೆಟ್ಟಿನ ತಪ್ಪೇ ಇರಬೇಕು ಎಂದು ಮಾತು ಮುಗಿಸಲು ಸಿದ್ಧರಾದರು.

ಪ್ರೋಬುಗಳನ್ನು ಒಂದರೊಡನೊಂದು ಹೋಲಿಸದೆ ಬರೆದ ಆ ನಕ್ಷೆಯನ್ನು ನಂಬುವಂತಿರಲಿಲ್ಲ. ಬಿ ವರ್ಗದ ಪಿಟಿ-100ಕ್ಕೆ ಮಾನಕವೇ ಬಿಟ್ಟುಕೊಟ್ಟಿರುವ ದೋಷ 0.30 ಡಿಗ್ರಿ, ಅದರ ಮೇಲೆ ತಾಪದ ಪ್ರತಿ ಡಿಗ್ರಿಗೆ 0.005, 44.5 ಡಿಗ್ರಿಯಲ್ಲಿ ಅದು ಸುಮಾರು 0.52 ಆಗುತ್ತದೆ. ಅಂದರೆ ಯಾವ ದೋಷವೂ ಇಲ್ಲದ ಎರಡು ಹೊಸ ಪ್ರೋಬುಗಳು ಒಂದೇ ನೀರಿನಲ್ಲಿ ನಿಂತು ಒಂದು ಡಿಗ್ರಿಯಷ್ಟು ಬೇರೆ ಅಂಕಿಗಳನ್ನು ತೋರಿಸಬಹುದು. ನಾವು ಹುಡುಕುತ್ತಿದ್ದ ವ್ಯತ್ಯಾಸ ಅದಕ್ಕಿಂತ ಚಿಕ್ಕದು.

ಆದ್ದರಿಂದ ಆರೂ ಪ್ರೋಬುಗಳನ್ನು, ಪ್ರಮಾಣಪತ್ರವಿರುವ 0.1 ಡಿಗ್ರಿ ಗೆರೆಗಳ ಪಾದರಸದ ಥರ್ಮಾಮೀಟರಿನ ಬುಡಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಬಾತ್‌ನ ನೀರನ್ನೇ ತುಂಬಿಸಿ, ಅದರೊಳಗೆ ಇಳಿಸಿ ನಿಧಾನವಾಗಿ ಕಲಕುತ್ತ ಅಂಕಿಗಳನ್ನು ತೆಗೆದುಕೊಂಡೆವು. ಇದನ್ನು ಕರಗುವ ಮಂಜುಗಡ್ಡೆಯಲ್ಲಿ ಮಾಡಿದರೆ ಸಾಲದು. ಸೊನ್ನೆಯಲ್ಲಿ ಕಂಡ ವ್ಯತ್ಯಾಸ 44ರಲ್ಲಿಯೂ ಅಷ್ಟೇ ಇರಬೇಕೆಂದಿಲ್ಲ. ಥರ್ಮಾಮೀಟರ್ 44.6 ತೋರಿಸಿದಾಗ ಮೂರನೆಯ ಪ್ರೋಬು 44.4 ಎಂದೂ ನಾಲ್ಕನೆಯದು 45.2 ಎಂದೂ ಹೇಳಿದವು. ಉಳಿದವು 0.1ರ ಒಳಗಿದ್ದವು. ಮೊದಲ ನಕ್ಷೆಯಲ್ಲಿ ಮೂರನೆಯದು ಎಡ ಮೂಲೆಯಲ್ಲಿಯೂ ನಾಲ್ಕನೆಯದು ಬಲ ಮೂಲೆಯಲ್ಲಿಯೂ ನಿಂತಿದ್ದವು. ತಿದ್ದುಪಡಿ ಹಾಕಿದಾಗ ಎಡ ಮೂಲೆ 44.1ಕ್ಕೆ ಏರಿತು, ಬಲ ಮೂಲೆ 43.5ಕ್ಕೆ ಇಳಿಯಿತು. ಗುಳ್ಳೆ ಕಂಡ ಜಾಗವೇ ಬಾತ್‌ನ ಅತ್ಯಂತ ತಣ್ಣನೆಯ ಜಾಗವಾಗಿತ್ತು.

ನಾಲ್ಕನೆಯ ಪ್ರೋಬು ಅಷ್ಟು ಹೆಚ್ಚು ತೋರಿಸಿದ್ದಕ್ಕೆ ಕಾರಣವೂ ಸಿಕ್ಕಿತು. ಅದರ ತಂತಿ ಸಾಲದೆಂದು ಯಾರೋ ಹಿಂದೆ ಎರಡೆಳೆಯ ತಂತಿಯನ್ನು ಬೆಸೆದು ಉದ್ದ ಮಾಡಿದ್ದರು. ಪಿಟಿ-100ರಲ್ಲಿ ಒಂದು ಡಿಗ್ರಿಗೆ ರೋಧ ಬದಲಾಗುವುದು ಸುಮಾರು 0.385 ಓಮ್ ಮಾತ್ರ. ಸೇರಿಸಿದ ತಂತಿಯ ಕಾಲು ಓಮಿಗೂ ಕಡಿಮೆ ರೋಧವನ್ನು ಲಾಗರ್ 0.6 ಡಿಗ್ರಿಯ ಶಾಖವೆಂದು ಓದುತ್ತಿತ್ತು.

ಎರಡನೆಯ ತೊಡಕು ಕಾಲದ್ದು. ನಮ್ಮ ಬಾತ್‌ನ ಹೀಟರ್ ಹೊತ್ತಿ ಆರುತ್ತ ಇರುವುದರಿಂದ ನಡುವಿನ ನೀರೇ ಕೆಲವು ನಿಮಿಷಗಳಿಗೊಮ್ಮೆ 0.3 ಡಿಗ್ರಿಯಷ್ಟು ಏರಿಳಿಯುತ್ತದೆ. ಗುಂಡಿ ತಿರುಗಿಸುತ್ತ ಒಂದೊಂದೇ ಪ್ರೋಬನ್ನು ಓದಿ ಬರೆದುಕೊಳ್ಳುವ ಹಳೆಯ ಇಂಡಿಕೇಟರಿನಲ್ಲಿ, ಮೊದಲನೆಯದನ್ನು ಹೀಟರ್ ಹೊತ್ತಿದಾಗಲೂ ಕೊನೆಯದನ್ನು ಆರಿದಾಗಲೂ ಓದಿದರೆ, ಕಾಲದ ಏರಿಳಿತವೇ ಜಾಗದ ವ್ಯತ್ಯಾಸವಾಗಿ ಕಾಣುತ್ತದೆ. ಹತ್ತು ಸೆಕೆಂಡಿಗೊಮ್ಮೆ ಎಲ್ಲ ಪ್ರೋಬುಗಳನ್ನೂ ಓದುವಂತೆ ಲಾಗರನ್ನು ಹೊಂದಿಸಿ, ಬಾತ್ ಸ್ಥಿರಗೊಂಡ ಮೇಲೆ ಎರಡು ಗಂಟೆ ದಾಖಲಿಸಿ, ಪ್ರತಿ ಸಾಲಿನಲ್ಲಿಯೂ ನಡುವಿನ ಪ್ರೋಬಿನಿಂದ ಉಳಿದವು ಎಷ್ಟು ದೂರವಿವೆ ಎಂದು ಕಳೆದು ನೋಡಿದರೆ ಈ ಗೊಂದಲವಿಲ್ಲ. ಕೊಳವೆಯೊಳಗಿನ ಪ್ರೋಬು ಇನ್ನೊಂದು ವಿಷಯವನ್ನೂ ತಿಳಿಸಿತು: ಹೊರಗಿನ 0.3ರ ಏರಿಳಿತ ಕೊಳವೆಯೊಳಗೆ 0.1ಕ್ಕೆ ಇಳಿದಿತ್ತು. ಬೇಗ ಬಂದುಹೋಗುವ ಏರಿಳಿತವನ್ನು ಕೊಳವೆ ತಡೆದುಕೊಳ್ಳುತ್ತದೆ. ಇಡೀ ರಾತ್ರಿ ಒಂದೇ ಕಡೆಗೆ ಎಳೆಯುವ ತಣ್ಣನೆಯ ಮೂಲೆಯನ್ನು ತಡೆದುಕೊಳ್ಳುವುದಿಲ್ಲ.

ತಟ್ಟೆಯನ್ನು ಎತ್ತಿ ನೋಡಿದಾಗ ಬಲಗಡೆಯ ತೂತುಗಳು ಬಿಳಿಯ ಪೊರೆಯಿಂದ ಮುಚ್ಚಿಹೋಗಿದ್ದವು. ಡಿಸ್ಟಿಲ್ಡ್ ವಾಟರ್ ಇಂಡೆಂಟ್ ಬರುವುದು ತಡವಾದಾಗಲೆಲ್ಲ ಬೋರ್‌ವೆಲ್ ನೀರನ್ನೇ ತುಂಬಿಸಿದ್ದರ ಫಲ ಅದು. ಸಿಟ್ರಿಕ್ ಆಮ್ಲದ ತಿಳಿ ದ್ರಾವಣದಲ್ಲಿ ನೆನೆಸಿ ತೊಳೆದು, ರ್‍ಯಾಕುಗಳ ನಡುವೆ ಎರಡು ಬೆರಳಿನ ಅಂತರ ಬಿಟ್ಟು ಮತ್ತೆ ಅಳೆದಾಗ ಎಡ ಮೂಲೆ 44.4ಕ್ಕೆ ಬಂತು, ಬಲ ಮೂಲೆ 44.2ರಲ್ಲಿ ನಿಂತಿತು. ಮಿತಿ ಶುರುವಾಗುವುದು 44.3ರಿಂದ. ಪಂಪು ಇಲ್ಲದೆ ಇದಕ್ಕಿಂತ ಮುಂದೆ ಹೋಗಲು ಸಾಧ್ಯವಾಗಲಿಲ್ಲ, ಪಂಪಿನ ಕೊಟೇಶನ್ ಪರ್ಚೇಸ್ ಕಮಿಟಿಯ ಮುಂದೆ ಇನ್ನೂ ಇದೆ. ಕಮಿಟಿಯವರು ಅದನ್ನು ಐಷಾರಾಮವೆಂದು ಎಣಿಸಬಾರದು. ಅದಿಲ್ಲದೆ ಬಾತ್‌ನ ಒಂದು ಭಾಗ ಈ ಪರೀಕ್ಷೆಗೆ ಇಲ್ಲದಂತೆಯೇ. ಸದ್ಯಕ್ಕೆ ಆ ಮೂಲೆಗೆ ಕೆಂಪು ಟೇಪ್ ಹಚ್ಚಿ, ಅಲ್ಲಿ ರ್‍ಯಾಕ್ ಇಡದಂತೆ ಮಾಡಿದ್ದೇವೆ. ನಕ್ಷೆಯ ಪ್ರತಿಯನ್ನು ಪರೀಕ್ಷಕರಿಗೆ ಕಳುಹಿಸಿದ ಮೇಲೆ ಆ ಇಬ್ಬರೂ ವಿದ್ಯಾರ್ಥಿನಿಯರಿಗೆ ಕಂಟ್ರೋಲಿನ ಅಂಕಗಳು ಪೂರ್ತಿ ಸಿಕ್ಕಿದವು.

ತಿದ್ದುಪಡಿಯ ಅಂಕಿಗಳನ್ನು ಈಗ ಲಾಗರಿನ ಪೆಟ್ಟಿಗೆಯೊಳಗೆ ಅಂಟಿಸಿದ್ದೇವೆ, ಪ್ರೋಬಿನ ಸಂಖ್ಯೆಯ ಜೊತೆಗೆ ಅದು ಕೂರುವ ಚಾನೆಲ್ಲಿನ ಸಂಖ್ಯೆಯನ್ನೂ ಬರೆದು. ಫ್ಲಾಸ್ಕಿನಲ್ಲಿ ನಾವು ಅಳೆದದ್ದು ಪ್ರೋಬು, ತಂತಿ, ಚಾನೆಲ್ ಮೂರರ ದೋಷವನ್ನೂ ಒಟ್ಟಾಗಿ. ಭೌತಶಾಸ್ತ್ರದವರು ತಮ್ಮ ಪ್ರಯೋಗಕ್ಕೆಂದು ಪ್ರೋಬುಗಳನ್ನು ಅದಲುಬದಲು ಮಾಡಿ ಹಿಂದಿರುಗಿಸಿದ ದಿನ ಆ ಚೀಟಿಯನ್ನು ಹರಿದು, ಫ್ಲಾಸ್ಕಿನ ಹೋಲಿಕೆಯನ್ನು ಮೊದಲಿನಿಂದ ಮಾಡಬೇಕು.