ಮೊದಲ ಬ್ಯಾಟು, ಮೊದಲ ಕಾಕು

"ಈಗಷ್ಟೇ ಬ್ಯಾಡ್ಮಿಂಟನ್ ಶುರು ಮಾಡಿದೀನಿ. ಯಾವ ಬ್ಯಾಟ್ ತಗೊಳ್ಲಿ? ಕಾಕ್ ಗರಿದಾ, ಪ್ಲಾಸ್ಟಿಕ್‌ದಾ?"

4ಯು ತೂಕದ, ತಲೆ ಭಾರವಿಲ್ಲದ ಬ್ಯಾಟ್ ತಗೊಳ್ಳಿ. ಗಟ್ಟಿಂಗ್, ಅಂದರೆ ತಂತಿಯ ಬಿಗಿತ, 20ರಿಂದ 22 ಪೌಂಡ್ ಇರಲಿ. ಕಾಕ್ ಸದ್ಯಕ್ಕೆ ಪ್ಲಾಸ್ಟಿಕ್‌ದು, ಅಂದರೆ ನೈಲಾನ್‌ದು ಸಾಕು.

4ಯು ಅಂದರೆ 80ರಿಂದ 84 ಗ್ರಾಂ. 3ಯು ಅದಕ್ಕಿಂತ ಐದು ಗ್ರಾಂ ಜಾಸ್ತಿ. ಐದು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಕೈಗೆ ಗೊತ್ತಾಗುವುದು ಒಟ್ಟು ತೂಕಕ್ಕಿಂತ ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಅಂಗಡಿಯಲ್ಲಿ ಬ್ಯಾಟನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿ. ಹಿಡಿಯ ತುದಿಯಿಂದ ಬೆರಳಿನವರೆಗೆ ಸುಮಾರು 29 ಸೆಂಟಿಮೀಟರ್ ಇದ್ದರೆ ಸಮತೂಕ. ಬೆರಳು ತಲೆಯ ಕಡೆಗೆ ಇನ್ನೂ ಸರಿದಷ್ಟೂ ತಲೆಭಾರ ಜಾಸ್ತಿ. ತಲೆಭಾರದ ಬ್ಯಾಟ್ ಸ್ಮ್ಯಾಶ್‌ಗೆ ಚೆನ್ನ, ನಿಜ. ಆದರೆ ಹೊಸಬರ ಕೈ ಹೇಗೂ ತಡವಾಗಿಯೇ ಏಳುತ್ತದೆ. ಅದು ಇನ್ನಷ್ಟು ತಡ ಮಾಡಿಸುತ್ತದೆ.

ಗಟ್ಟಿಂಗ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಕೋರ್ಟಿನಲ್ಲಿ ಚೆನ್ನಾಗಿ ಆಡುವವರೊಬ್ಬರು 28 ಪೌಂಡ್ ಹಾಕಿಸಿದ್ದರು ಅಂತ ನಾನೂ ಹಾಕಿಸಿದೆ. ನಾನು ಎತ್ತಿದ ಕಾಕ್ ಅರ್ಧ ಕೋರ್ಟಿಗೇ ಬೀಳುತ್ತಿತ್ತು. ಇನ್ನೂ ಜೋರಾಗಿ ಬೀಸಿದೆ, ಎರಡು ವಾರಕ್ಕೆ ಮೊಣಕೈ ನೋವು. ತಂತಿ ಬಿಗಿಯಾದಷ್ಟೂ ಸರಿಯಾಗಿ ಪುಟಿಸುವ ಜಾಗ ಚಿಕ್ಕದಾಗುತ್ತದೆ. ಆ ಜಾಗಕ್ಕೆ ಪ್ರತಿಸಲ ತಾಗಿಸುವವರಿಗೆ ಅದು ನಿಯಂತ್ರಣ ಕೊಡುತ್ತದೆ. ನನಗೆ ಹತ್ತರಲ್ಲಿ ಮೂರು ಸಲ ತಾಗುತ್ತಿತ್ತೇನೋ! ಅದೇ ಬ್ಯಾಟಿಗೆ 22 ಹಾಕಿಸಿದ ಮೇಲೆ ಕಾಕ್ ಹಿಂದಿನ ಗೆರೆ ಹತ್ತಿರ ಹೋಗತೊಡಗಿತು.

ಗರಿ ಕಾಕಿನ ಸೊಗಸೇ ಬೇರೆ. ಬಾತುಕೋಳಿಯ ಹದಿನಾರು ಗರಿ, ಬೇಗ ಹೋಗಿ ಕೊನೆಗೆ ಗಕ್ಕನೆ ವೇಗ ಕಳೆದುಕೊಂಡು ನೆಟ್ಟಗೆ ಇಳಿಯುತ್ತದೆ. ಆದರೆ ಹೊಸಬರ ಏಟು ಫ್ರೇಮಿಗೆ ಬಡಿಯುವುದೇ ಹೆಚ್ಚು. ಒಂದು ಗರಿ ಮುರಿದರೂ ಕಾಕ್ ಓಲಾಡತೊಡಗುತ್ತದೆ. ನೈಲಾನ್ ಅದನ್ನೆಲ್ಲ ತಡೆಯುತ್ತದೆ, ಇಳಿಯುವುದು ಮಾತ್ರ ಸ್ವಲ್ಪ ಓರೆಯಾಗಿ. ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಎತ್ತುವುದು ರೂಢಿಯಾದ ಮೇಲೆ ಗರಿಗೆ ಬನ್ನಿ. ಆಗ ಟೈಮಿಂಗ್ ಒಂದೆರಡು ವಾರ ತಪ್ಪುತ್ತದೆ, ಗಾಬರಿಯಾಗಬೇಡಿ.

ನೈಲಾನ್ ಕಾಕಿನ ಕಾರ್ಕ್ ಸುತ್ತ ಬಣ್ಣದ ಪಟ್ಟಿ ಇರುತ್ತದೆ. ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಸೆಕೆಯಿದ್ದರೆ, ಇಲ್ಲವೇ ಬೆಂಗಳೂರಿನಂಥ ಎತ್ತರದ ಊರಾದರೆ, ಗಾಳಿ ತೆಳುವಾಗಿ ಕಾಕ್ ದೂರ ಹಾರುತ್ತದೆ. ಹಸಿರಿನಿಂದಲೇ ಶುರುಮಾಡಿ. ಸರಿಯಿದೆಯೋ ಇಲ್ಲವೋ ನೋಡಲು ಚೆನ್ನಾಗಿ ಆಡುವವರೊಬ್ಬರನ್ನು ಹಿಂದಿನ ಗೆರೆ ಮೇಲೆ ನಿಲ್ಲಿಸಿ, ಕೆಳಗಿನಿಂದ ಪೂರ್ತಿ ಬೀಸಿ ಹೊಡೆಯಲು ಹೇಳಿ. ಕಾಕ್ ಆಚೆ ಬದಿಯ ಕೊನೆಯ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಈಚೆ ಬೀಳಬೇಕು. ಟೇಪ್ ಬೇಡ, ಡಬಲ್ಸ್ ಸರ್ವೀಸ್‌ನ ಹಿಂದಿನ ಗೆರೆ ಇರುವುದು ಇದರ ನಟ್ಟನಡುವೆ. ಆ ಗೆರೆಯ ಆಚೀಚೆ ಒಂದು ಗೇಣಿನೊಳಗೆ ಬಿತ್ತಾ, ಆ ಡಬ್ಬಿ ತಗೊಳ್ಳಿ.