ಕ್ರಾಪ್ ಮಾಡಿದ ಫೋಟೋದಲ್ಲಿ ಕತ್ತರಿಸಿದ ಭಾಗ ಎಲ್ಲಿ ಉಳಿದುಕೊಳ್ಳುತ್ತದೆ?

"ಫೋಟೋ ಕ್ರಾಪ್ ಮಾಡಿ, ಸೇವ್ ಮಾಡಿಯೇ ಕಳಿಸಿದ್ದು. ಆದ್ರೂ ನಾನು ತೆಗೆದ ಭಾಗ ಆ ಫೈಲಿನಲ್ಲೇ ಇರಬಹುದು ಅಂತಾರಲ್ಲ, ಅದು ನಿಜಾನಾ? ಹೇಗೆ ಸಾಧ್ಯ?"

ನಿಜ. ಎಲ್ಲಾ ಸಲವೂ ಅಲ್ಲ, ಆದರೆ ಆಗುತ್ತದೆ. ದೊಡ್ಡ ಚಿತ್ರದಿಂದ ಆ ಭಾಗ ಹೋಗಿಯೇ ಇರುತ್ತದೆ. ಅದು ಉಳಿಯುವುದು ಅದೇ ಫೈಲಿನೊಳಗೆ ಇರುವ ಇನ್ನೊಂದು ಪುಟ್ಟ ಚಿತ್ರದಲ್ಲಿ.

ಕ್ಯಾಮೆರಾ ಒಂದು ಜೆಪೆಗ್ ಫೈಲ್ ಬರೆಯುವಾಗ ಸಾಮಾನ್ಯವಾಗಿ ಅದರೊಳಗೆ ಎರಡು ಚಿತ್ರ ಇಡುತ್ತದೆ. ಒಂದು ನಾವು ನೋಡುವ ದೊಡ್ಡ ಚಿತ್ರ. ಇನ್ನೊಂದು ಅದರದೇ ಚಿಕ್ಕ ಪ್ರತಿ, ಥಂಬ್‌ನೇಲ್. ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ ಒಂದೇ ಸಲಕ್ಕೆ ಹತ್ತಾರು ಫೋಟೋ ತೋರಿಸಬೇಕು. ಒಂದೊಂದನ್ನೂ ಪೂರ್ತಿ ಬಿಡಿಸಿ, ಕುಗ್ಗಿಸಿ ತೋರಿಸುತ್ತಾ ಕೂತರೆ ಹಳೆಯ ಕ್ಯಾಮೆರಾಗಳ ಪ್ರೊಸೆಸರ್‌ಗೆ ಅದು ಆಗದ ಕೆಲಸ. ಅದಕ್ಕೇ ಚಿಕ್ಕ ಪ್ರತಿಯನ್ನು ಮೊದಲೇ ಮಾಡಿ ಫೈಲಿಗೆ ಸೇರಿಸುವ ಪದ್ಧತಿ ಬಂತು. 1995ರಲ್ಲಿ ಬಂದ ಎಕ್ಸಿಫ್ ಎಂಬ ನಿಯಮಾವಳಿ ಅದಕ್ಕೆ ಜಾಗ ಮಾಡಿಕೊಟ್ಟಿತು. ಕ್ಯಾಮೆರಾ ಫೈಲ್‌ಗಳಿಗೆಂದು 1998ರಲ್ಲಿ ಬಂದ ಡಿಸಿಎಫ್ ಎಂಬ ನಿಯಮ ಅದರ ಅಳತೆಯನ್ನೂ ಗೊತ್ತುಮಾಡಿತು: 160 ಪಿಕ್ಸೆಲ್ ಅಗಲ, 120 ಪಿಕ್ಸೆಲ್ ಎತ್ತರ. ಇವತ್ತಿನ ಎಷ್ಟೋ ಕ್ಯಾಮೆರಾಗಳೂ ಇದನ್ನೇ ಪಾಲಿಸುತ್ತವೆ.

ಈ ಥಂಬ್‌ನೇಲ್ ಎಲ್ಲಿರುತ್ತದೆ ಅನ್ನುವುದೇ ಇಡೀ ಸಮಸ್ಯೆಯ ಬೇರು. ಜೆಪೆಗ್ ಫೈಲ್ `FF D8` ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಅದಾದ ಮೇಲೆ, ಚಿತ್ರದ ಪಿಕ್ಸೆಲ್‌ಗಳು ಬರುವ ಮೊದಲೇ, ಎಕ್ಸಿಫ್ ಬ್ಲಾಕ್ ಬರುತ್ತದೆ. ಫೋಟೋ ತೆಗೆದ ದಿನ, ಗಂಟೆ, ಕ್ಯಾಮೆರಾ ಹೆಸರು, ಕ್ಯಾಮೆರಾ ಅಡ್ಡ ಹಿಡಿದಿದ್ದೋ ಉದ್ದ ಹಿಡಿದಿದ್ದೋ, ಜಿಪಿಎಸ್ ಇದ್ದರೆ ಜಾಗ, ಎಲ್ಲವೂ ಇಲ್ಲೇ. ಇದರೊಳಗೆ ದೊಡ್ಡ ಚಿತ್ರದ ವಿವರಕ್ಕೆ ಒಂದು ಪಟ್ಟಿ, ಥಂಬ್‌ನೇಲ್‌ನ ವಿವರಕ್ಕೆ ಇನ್ನೊಂದು ಪಟ್ಟಿ ಇರುತ್ತದೆ. ಎರಡನೆಯದರ ಹೆಸರು `IFD1`. ಥಂಬ್‌ನೇಲ್ ಎಷ್ಟನೇ ಬೈಟ್‌ನಿಂದ ಶುರು, ಎಷ್ಟು ಉದ್ದ ಅಂತ ಅದರಲ್ಲಿ ಬರೆದಿರುತ್ತದೆ. ಆ ಜಾಗಕ್ಕೆ ಹೋಗಿ ನೋಡಿದರೆ ಮತ್ತೊಂದು `FF D8` ಸಿಗುತ್ತದೆ. ಅಂದರೆ ಥಂಬ್‌ನೇಲ್ ತಾನೇ ಒಂದು ಪೂರ್ತಿ ಜೆಪೆಗ್. ದೊಡ್ಡ ಚಿತ್ರದ ಪಿಕ್ಸೆಲ್‌ಗಳಿಗೂ ಅದಕ್ಕೂ ಯಾವ ಕೊಂಡಿಯೂ ಇಲ್ಲ. ದೊಡ್ಡದು ಬದಲಾದರೆ ಚಿಕ್ಕದು ತಾನಾಗಿ ಬದಲಾಗುವುದಿಲ್ಲ.

ಈಗ ಕ್ರಾಪ್ ಮಾಡುವ ಸಾಫ್ಟ್‌ವೇರ್ ಏನು ಮಾಡುತ್ತದೆ ನೋಡಿ. ದೊಡ್ಡ ಚಿತ್ರವನ್ನು ಬಿಡಿಸುತ್ತದೆ, ಬೇಡದ್ದನ್ನು ಕತ್ತರಿಸುತ್ತದೆ, ಉಳಿದದ್ದನ್ನು ಹೊಸ ಜೆಪೆಗ್ ಆಗಿ ಬರೆಯುತ್ತದೆ. ಇಲ್ಲಿಯವರೆಗೆ ಎಲ್ಲಾ ಸರಿ. ಆಮೇಲೆ ಎಕ್ಸಿಫ್ ಬ್ಲಾಕನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ ಬರುತ್ತದೆ. ಪೂರ್ತಿ ಬಿಟ್ಟುಬಿಡಬಹುದು, ಆದರೆ ಫೋಟೋ ತೆಗೆದ ದಿನಾಂಕವೇ ಹೋಯಿತು ಅಂತ ಬಳಕೆದಾರರು ಬೈಯುತ್ತಾರೆ. ಬ್ಲಾಕನ್ನು ಇಟ್ಟುಕೊಂಡು, ಥಂಬ್‌ನೇಲ್ ಮಾತ್ರ ಹೊಸದಾಗಿ ಮಾಡಿ ಸೇರಿಸಬಹುದು. ಸರಿಯಾದ ದಾರಿ ಅದೇ, ಒಳ್ಳೆಯ ಎಡಿಟರ್‌ಗಳು ಅದನ್ನೇ ಮಾಡುತ್ತವೆ. ಮೂರನೆಯದು, ಇಡೀ ಬ್ಲಾಕನ್ನು ಇದ್ದ ಹಾಗೇ ಎತ್ತಿ ಹೊಸ ಫೈಲಿಗೆ ಹಾಕುವುದು. ಸಾಫ್ಟ್‌ವೇರ್ ಬರೆಯುವವರಿಗೆ ಇದು ತುಂಬಾ ಸುಲಭ. ಪೈಥಾನ್‌ನ ಪಿಲ್ಲೋ ಲೈಬ್ರರಿ ಬಳಸಿದರೆ ಇಷ್ಟೇ ಸಾಲು:

```
from PIL import Image
im = Image.open("photo.jpg")
c = im.crop((0, 0, 2400, 3000))
c.save("crop.jpg", exif=im.info["exif"])
```

ಕೊನೆಯ ಸಾಲು ನೋಡಿ. ಬರೆದವರಿಗೆ ಬೇಕಾಗಿದ್ದದ್ದು ದಿನಾಂಕ, ಕ್ಯಾಮೆರಾ ವಿವರ ಉಳಿಯಲಿ ಅಂತ ಅಷ್ಟೇ. ಆದರೆ `im.info["exif"]` ಅಂದರೆ ಹಳೆಯ ಫೈಲಿನ ಇಡೀ ಬ್ಲಾಕ್, `IFD1` ಮತ್ತು ಅದರ ಥಂಬ್‌ನೇಲ್ ಸಮೇತ. ಎರರ್ ಬರುವುದಿಲ್ಲ. ಫೋಟೋ ತೆರೆದರೆ ಕ್ರಾಪ್ ಆದದ್ದೇ ಕಾಣುತ್ತದೆ. ಪರೀಕ್ಷೆ ಮಾಡಿದವರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿಯೇ ಈ ತಪ್ಪು ಇಷ್ಟು ವರ್ಷಗಳಿಂದ ಮತ್ತೆ ಮತ್ತೆ ಆಗುತ್ತಿದೆ. `jpegtran` ಎಂಬ ಹಳೆಯ, ಒಳ್ಳೆಯ ಸಾಧನದಲ್ಲೂ `-copy all` ಅಂತ ಕೊಟ್ಟು ಕ್ರಾಪ್ ಮಾಡಿದರೆ ಹಳೆಯ ಥಂಬ್‌ನೇಲ್ ಜೊತೆಗೇ ಬರುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಮೂಲ ಫೋಟೋ 4000 ಅಗಲ, 3000 ಎತ್ತರ. ಎಡಗಡೆ ಒಬ್ಬರು ನಿಂತಿದ್ದಾರೆ, ಬಲಗಡೆ ಇನ್ನೊಬ್ಬರು. ಬಲಗಡೆಯವರಿಗೆ ತಮ್ಮ ಮುಖ ಎಲ್ಲೂ ಹೋಗುವುದು ಇಷ್ಟವಿಲ್ಲ. ಅದಕ್ಕೆ ಬಲಗಡೆಯ 1600 ಪಿಕ್ಸೆಲ್ ಅಗಲದ ಪಟ್ಟಿಯನ್ನು ಕತ್ತರಿಸಿದೆವು. ಉಳಿದದ್ದು 2400 ಅಗಲ, 3000 ಎತ್ತರದ ಉದ್ದನೆಯ ಫೋಟೋ. ಈಗ ಫೈಲಿನೊಳಗೆ ಏನಿದೆ ಅಂತ ಕೇಳೋಣ. ಇದಕ್ಕೆ ಎಕ್ಸಿಫ್‌ಟೂಲ್ ಎಂಬ ಉಚಿತ ಪ್ರೋಗ್ರಾಮ್ ಸಾಕು:

```
exiftool -a -preview:all crop.jpg
```

ಥಂಬ್‌ನೇಲ್ ಇದ್ದರೆ ಈ ರೀತಿಯ ಒಂದು ಸಾಲು ಬರುತ್ತದೆ:

```
Thumbnail Image : (Binary data 6214 bytes, use -b option to extract)
```

ಆರು ಸಾವಿರ ಚಿಲ್ಲರೆ ಬೈಟ್. ಎಕ್ಸಿಫ್ ಬ್ಲಾಕ್ ಪೂರ್ತಿ ಸೇರಿ 64 ಕಿಲೋಬೈಟ್ ದಾಟುವ ಹಾಗಿಲ್ಲ, ಆದ್ದರಿಂದ ಥಂಬ್‌ನೇಲ್ ಅದಕ್ಕಿಂತ ಚಿಕ್ಕದಾಗಿಯೇ ಇರಬೇಕು. ಕೆಲವು ಮೆಗಾಬೈಟ್‌ನ ಫೋಟೋದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಫೈಲ್ ಸೈಜ್ ನೋಡಿ ಅನುಮಾನ ಪಡುವ ಪ್ರಶ್ನೆಯೇ ಇಲ್ಲ. ಈ ಸಾಲು ಬಂದ ಮಾತ್ರಕ್ಕೆ ಗಾಬರಿಯೂ ಬೇಡ, ಅದು ಹೊಸದಾಗಿ ಮಾಡಿದ ಥಂಬ್‌ನೇಲೇ ಇರಬಹುದು. ಹೊರಗೆ ತೆಗೆದು ಕಣ್ಣಾರೆ ನೋಡಬೇಕು:

```
exiftool -b -ThumbnailImage -w _thumb.jpg crop.jpg
```

`crop_thumb.jpg` ಅಂತ ಒಂದು ಪುಟ್ಟ ಫೈಲ್ ಹುಟ್ಟುತ್ತದೆ. ಅದನ್ನು ತೆರೆದರೆ ಅಡ್ಡ ಚಿತ್ರ, ಅದರಲ್ಲಿ ಇಬ್ಬರೂ ಇದ್ದಾರೆ! ಉದ್ದನೆಯ ಫೋಟೋದ ಹೊಟ್ಟೆಯಲ್ಲಿ ಅಡ್ಡನೆಯ ಥಂಬ್‌ನೇಲ್ ಸಿಕ್ಕಿದರೆ ಅದು ಸಾಮಾನ್ಯವಾಗಿ ಹಳೆಯದೇ. ಫೋಟೋ ತಿರುಗಿಸಿದಾಗಲೂ ಹೀಗೆ ಕಾಣಬಹುದು, ಅದಕ್ಕೇ ಆಕಾರ ನೋಡಿ ಬಿಡದೆ ಚಿತ್ರವನ್ನೇ ನೋಡಿ. ಕ್ರಾಪ್ ಮಾಡುವಾಗ ಅಗಲ ಎತ್ತರಗಳ ಅನುಪಾತ ಬದಲಾಗದಿದ್ದರೆ ಆಕಾರದಿಂದ ಏನೂ ಗೊತ್ತಾಗುವುದಿಲ್ಲ.

ಅಷ್ಟು ಚಿಕ್ಕ ಚಿತ್ರದಲ್ಲಿ ಏನು ತಾನೇ ಕಾಣುತ್ತೆ ಅಂತ ನೀವು ಕೇಳಬಹುದು. ಲೆಕ್ಕ ಹಾಕೋಣ. 4000 ಪಿಕ್ಸೆಲ್ 160ಕ್ಕೆ ಇಳಿದಿದೆ, ಅಂದರೆ 25 ಪಟ್ಟು ಕುಗ್ಗಿದೆ. ನಾವು ಕತ್ತರಿಸಿದ ಪಟ್ಟಿ ಥಂಬ್‌ನೇಲ್‌ನಲ್ಲಿ 64 ಪಿಕ್ಸೆಲ್ ಅಗಲ, 120 ಎತ್ತರ ಇರುತ್ತದೆ. ಅಲ್ಲಿದ್ದ ಮುಖ 400 ಪಿಕ್ಸೆಲ್ ಎತ್ತರ ಇದ್ದರೆ ಈಗ 16 ಪಿಕ್ಸೆಲ್. ಗುರುತಿಲ್ಲದವರಿಗೆ ಅದು ಬರೀ ಮಸುಕು. ಆದರೆ ಅಲ್ಲೊಬ್ಬರು ನಿಂತಿದ್ದರು, ಯಾವ ಬಣ್ಣದ ಬಟ್ಟೆ, ಕೂದಲು ಹೇಗಿತ್ತು ಅನ್ನುವುದು ಕಾಣುತ್ತದೆ. ಅವರನ್ನು ಬಲ್ಲವರಿಗೆ ಅಷ್ಟು ಸಾಕು. ಮೇಜಿನ ಮೇಲಿದ್ದ ಕಾಗದದಲ್ಲಿ 50 ಪಿಕ್ಸೆಲ್ ಎತ್ತರದ ಅಕ್ಷರಗಳಿದ್ದರೆ ಅವು 2 ಪಿಕ್ಸೆಲ್ ಆಗಿರುತ್ತವೆ, ಓದಲು ಬರುವುದಿಲ್ಲ. ಹಾಗಾಗಿ ಸಣ್ಣ ಬರಹ ಸೋರಿತು ಅಂತ ಹೆದರಬೇಕಿಲ್ಲ. ಸೋರುವುದು ಅಲ್ಲಿ ಯಾರಿದ್ದರು, ಏನಿತ್ತು ಅನ್ನುವ ಸಂಗತಿ.

ಕ್ರಾಪ್‌ಗಿಂತ ನನಗೆ ಜಾಸ್ತಿ ಕಳವಳ ಆಗುವುದು ಮುಖ ಮರೆಮಾಡಿದ ಫೋಟೋಗಳ ಬಗ್ಗೆ. ಮುಖದ ಮೇಲೆ ಕಪ್ಪು ಚೌಕ ಹಾಕಿದರೂ, ಮಸುಕು ಮಾಡಿದರೂ ನಡೆಯುವುದು ಇದೇ. ಮುಖ ಮರೆಮಾಡುವ ಫೋಟೋಗಳಲ್ಲಿ ಮುಖ ಹೆಚ್ಚಾಗಿ ಹತ್ತಿರದಿಂದ ತೆಗೆದದ್ದು. 3000ದಲ್ಲಿ 2000 ಪಿಕ್ಸೆಲ್ ಎತ್ತರ ಇದ್ದ ಮುಖ ಥಂಬ್‌ನೇಲ್‌ನಲ್ಲಿ 80 ಪಿಕ್ಸೆಲ್ ಇರುತ್ತದೆ. ಅದನ್ನು ಯಾರು ಬೇಕಾದರೂ ಗುರುತಿಸಬಹುದು. 2004ರ ಡಿಸೆಂಬರ್‌ನಲ್ಲಿ, ಬರ್ಲಿನ್‌ನಲ್ಲಿ ನಡೆದ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ, ಸ್ಟೀವನ್ ಮರ್ಡಾಕ್ ಮತ್ತು ಮ್ಯಾಕ್ಸಿಮಿಲಿಯನ್ ಡಾರ್ನ್‌ಸೈಫ್ ಎಂಬ ಇಬ್ಬರು ಸಂಶೋಧಕರು ಇದನ್ನೇ ತೋರಿಸಿದ್ದರು. ಇಂಟರ್ನೆಟ್‌ನಲ್ಲಿ ಸಿಗುವ ಜೆಪೆಗ್‌ಗಳಲ್ಲಿ ದೊಡ್ಡ ಚಿತ್ರಕ್ಕೂ ಒಳಗಿನ ಥಂಬ್‌ನೇಲ್‌ಗೂ ತಾಳೆ ಆಗದವನ್ನು ಕಂಪ್ಯೂಟರ್‌ನಿಂದಲೇ ಹುಡುಕಿಸಿದ್ದರು. ಅಂದರೆ ಒಂದೊಂದೇ ಫೋಟೋ ಬಿಚ್ಚಿ ನೋಡುವ ತಾಳ್ಮೆಯೂ ಬೇಕಿಲ್ಲ.

ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್‌ನಿಂದ ಕತ್ತರಿಸಿದ ಭಾಗ ಮತ್ತೆ ಸಿಗುತ್ತದೆ ಅಂತ 2023ರಲ್ಲಿ ಸುದ್ದಿಯಾಗಿತ್ತಲ್ಲ, ಆ ಸಮಸ್ಯೆಯೂ ಇದೇನಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅದು ಪಿಎನ್‌ಜಿ ಎಂಬ ಬೇರೆ ಬಗೆಯ ಚಿತ್ರದ ಫೈಲ್‌ಗಳದ್ದು. ಅಲ್ಲಿ ಹೊಸ ಚಿಕ್ಕ ಫೈಲನ್ನು ಹಳೆಯದರ ಮೇಲೆ ಬರೆದು, ಮಿಕ್ಕ ಬಾಲವನ್ನು ಕತ್ತರಿಸದೆ ಬಿಟ್ಟಿದ್ದರು. ಥಂಬ್‌ನೇಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಫೈಲ್ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದೂ ಮುಖ್ಯ. ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಸಾಮಾನ್ಯವಾಗಿ ಆ್ಯಪ್ ಅದನ್ನು ಮತ್ತೆ ಕುಗ್ಗಿಸಿ ಬರೆಯುತ್ತದೆ, ಎಕ್ಸಿಫ್ ಬಿದ್ದುಹೋಗುತ್ತದೆ. ಅದೇ ಫೋಟೋವನ್ನು ಡಾಕ್ಯುಮೆಂಟ್ ಅಂತ ಕಳಿಸಿದರೆ, ಇಮೇಲ್‌ಗೆ ಅಟ್ಯಾಚ್ ಮಾಡಿದರೆ, ಬೈಟ್‌ಗೆ ಬೈಟ್ ಇದ್ದ ಹಾಗೇ ಹೋಗುತ್ತದೆ. ಕ್ವಾಲಿಟಿ ಕೆಡಬಾರದು ಅಂತ ಡಾಕ್ಯುಮೆಂಟ್ ಆಗಿ ಕಳಿಸುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

ತೆಗೆಯುವುದು ಸುಲಭ. ದಿನಾಂಕ ಇತ್ಯಾದಿ ಉಳಿಸಿಕೊಂಡು ಥಂಬ್‌ನೇಲ್ ಮಾತ್ರ ಅಳಿಸಲು:

```
exiftool -ifd1:all= crop.jpg
```

ಕೆಲವು ಕ್ಯಾಮೆರಾಗಳು ಥಂಬ್‌ನೇಲ್ ಜೊತೆಗೆ ಇನ್ನೂ ದೊಡ್ಡದೊಂದು ಪ್ರಿವ್ಯೂ ಚಿತ್ರವನ್ನೂ ಇಟ್ಟಿರುತ್ತವೆ. ಮೊದಲ ಕಮಾಂಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಮೆಟಾಡೇಟಾ, ಅಂದರೆ ಚಿತ್ರದ ಜೊತೆಗಿರುವ ಎಕ್ಸಿಫ್‌ನಂಥ ವಿವರಗಳನ್ನೆಲ್ಲಾ, ಅಳಿಸಿಬಿಡುವುದೇ ವಾಸಿ. ಆದರೆ ಎಲ್ಲಾ ಅಳಿಸಿದರೆ ಫೋಟೋ ಯಾವ ಕಡೆಗೆ ನಿಲ್ಲಬೇಕು ಅನ್ನುವ ಸೂಚನೆಯೂ ಹೋಗಿ, ಕೆಲವು ಫೋಟೋ ಅಡ್ಡ ಮಲಗಿಬಿಡುತ್ತವೆ. ಆ ಒಂದನ್ನು ಉಳಿಸಿಕೊಳ್ಳಿ:

```
exiftool -all= -tagsfromfile @ -orientation crop.jpg
```

ಕಮಾಂಡ್‌ಗಳ ಸಹವಾಸವೇ ಬೇಡ ಅನ್ನುವವರು ಕ್ರಾಪ್ ಆದ ಫೋಟೋವನ್ನು ಸ್ಕ್ರೀನ್ ತುಂಬಾ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಬಹುದು. ಅದರಲ್ಲಿ ಸ್ಕ್ರೀನಿನ ಮೇಲೆ ಕಂಡದ್ದಷ್ಟೇ ಇರುತ್ತದೆ, ಹಳೆಯ ಎಕ್ಸಿಫ್ ಬರುವುದಿಲ್ಲ. ಕ್ವಾಲಿಟಿ ಸ್ವಲ್ಪ ಕಮ್ಮಿ ಆಗುತ್ತದೆ, ಅಷ್ಟೇ.

ಎಕ್ಸಿಫ್‌ಟೂಲ್ ಬಳಸುವವರಿಗೆ ಇನ್ನೊಂದು ಮಾತು. ಅದು ಫೈಲ್ ಬದಲಿಸುವ ಮೊದಲು ಹಳೆಯದನ್ನು `crop.jpg_original` ಅನ್ನುವ ಹೆಸರಲ್ಲಿ ಪಕ್ಕದಲ್ಲೇ ಇಡುತ್ತದೆ. ಅದರೊಳಗೆ ಹಳೆಯ ಥಂಬ್‌ನೇಲ್ ಹಾಗೇ ಇರುತ್ತದೆ. ಫೋಲ್ಡರನ್ನೇ ಜಿಪ್ ಮಾಡಿ ಕಳಿಸುವುದಾದರೆ ಮೊದಲು ಅದನ್ನು ಅಳಿಸಿ, ಇಲ್ಲವೇ ಕಮಾಂಡ್‌ಗೆ `-overwrite_original` ಸೇರಿಸಿ.